ಮೊದಲ ಮುತ್ತನ್ನು ಬರೆಯುವುದು ಹೇಗೆ?

ಕಥೆ ಆಡುಮಾತಿನಲ್ಲಿ ಚೆನ್ನಾಗಿ ಓಡುತ್ತಿರುತ್ತದೆ. ಪಾತ್ರಗಳು ಬಸ್ಸಿಗೆ ಕಾಯುತ್ತವೆ, ಟೀ ಕುಡಿಯುತ್ತವೆ, ಬಾಡಿಗೆ ಜಾಸ್ತಿಯಾಯಿತು ಅಂತ ಗೊಣಗುತ್ತವೆ. ಮೊದಲ ಮುತ್ತಿನ ಹತ್ತಿರ ಬಂದ ತಕ್ಷಣ ಭಾಷೆ ಮಾತ್ರ ಮದುವೆಮನೆಗೆ ಹೊರಟವರ ಹಾಗೆ ಜರಿಪಂಚೆ ಶಲ್ಯ ಹಾಕಿಕೊಂಡು ನಿಂತುಬಿಡುತ್ತದೆ. ಹೀಗೆ:

"ಅವನು ಮೆಲ್ಲಗೆ ಅವಳ ಬಳಿ ಸರಿದು, ಅವಳ ಗಲ್ಲವನ್ನು ಹಿಡಿದೆತ್ತಿ, ಅವಳ ಕಣ್ಣುಗಳಲ್ಲಿ ಕಣ್ಣಿಟ್ಟು, ಅವಳ ಕಂಪಿಸುವ ಅಧರಗಳ ಮೇಲೆ ತನ್ನ ಅಧರಗಳನ್ನಿರಿಸಿದನು. ಕಾಲವೇ ನಿಂತಂತಾಯಿತು. ಅವಳ ಮೈಯಲ್ಲಿ ವಿದ್ಯುತ್ ಸಂಚರಿಸಿತು."

ಇದರಲ್ಲಿ ಅಶ್ಲೀಲವಾದದ್ದು ಏನೂ ಇಲ್ಲ. ಆದರೂ ಓದುವಾಗ ಸ್ವಲ್ಪ ಮುಜುಗರವಾಗುತ್ತದೆ, ಅಲ್ವಾ? ಈ "ಅವನು", "ಅವಳು" ಯಾರು ಬೇಕಾದರೂ ಆಗಬಹುದು. ಹೆಸರು ಬದಲಿಸಿ ಇನ್ನೊಂದು ಕಥೆಗೆ ಅಂಟಿಸಿದರೂ ಹೊಂದುತ್ತದೆ. ಎಲ್ಲ ಕೆಲಸವನ್ನೂ ಅವನೇ ಮಾಡುತ್ತಾನೆ, ಅವಳು ಸುಮ್ನೆ ನಿಂತಿರುತ್ತಾಳೆ. ಕೊನೆಗೆ ಓದುಗರಿಗೆ ಏನನಿಸಬೇಕೋ ಅದನ್ನೂ ಲೇಖಕರೇ ಹೇಳಿ ಮುಗಿಸುತ್ತಾರೆ.

ದೃಶ್ಯವನ್ನು ಹದವಾಗಿ ಬರೆಯಬೇಕು ಅಂದರೆ ಏನೇನು ಬಿಡಬೇಕು ಅಂತ ಪಟ್ಟಿ ಮಾಡಿದರೆ ಸಾಲದು. ಬಿಟ್ಟ ಜಾಗದಲ್ಲಿ ಏನಿಡಬೇಕು ಅನ್ನುವುದು ಮುಖ್ಯ. ಅದಕ್ಕಾಗಿ ಒಂದೇ ದೃಶ್ಯ ತೆಗೆದುಕೊಂಡು ನೋಡೋಣ.

ಪಾತ್ರಗಳು ಇಬ್ಬರು. ವಿನುತಾಗೆ 29, ಮಂಜುನಾಥನಿಗೆ 32. ಮೈಸೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಇಬ್ಬರಿಗೂ ಕೆಲಸ. ಎರಡು ವರ್ಷದ ಪರಿಚಯ. ಇವತ್ತಿಗೂ ಒಬ್ಬರನ್ನೊಬ್ಬರು "ನೀವು" ಅಂತಲೇ ಕರೆಯುತ್ತಾರೆ. ಅವಳಿಗೆ ಕಲಬುರಗಿಗೆ ವರ್ಗವಾಗಿದೆ. ನಾಳೆ ಬೆಳಿಗ್ಗೆ ಸಾಮಾನಿನ ಲಾರಿ ಬರುತ್ತದೆ. ಅವನು ಸಾಮಾನು ಕಟ್ಟಲು ಸಹಾಯಕ್ಕೆ ಬಂದಿದ್ದಾನೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಿದೆ ಅನ್ನುವುದು ಓದುಗರಿಗೆ ಗೊತ್ತು. ಅವರಿಬ್ಬರೂ ಮಾತ್ರ ಅದನ್ನು ಇನ್ನೂ ಬಾಯಿಬಿಟ್ಟು ಹೇಳಿಲ್ಲ.

ದೃಶ್ಯ ಹೀಗಿದೆ:

ಕೊನೆಯ ಪೆಟ್ಟಿಗೆ ಉಳಿದಿತ್ತು. ಅಡುಗೆಮನೆಯ ಪಾತ್ರೆಗಳು. ವಿನುತಾ ರಟ್ಟಿನ ಎರಡೂ ಮುಚ್ಚಳ ಕೂಡಿಸಿ ಅಂಗೈಯಿಂದ ಒತ್ತಿ ಹಿಡಿದಳು. ಮಂಜುನಾಥ ಟೇಪಿನ ಸುರುಳಿ ತಿರುಗಿಸುತ್ತ ತುದಿ ಹುಡುಕುತ್ತಿದ್ದ.

"ಸಿಕ್ತಾ?"

"ಇಲ್ಲ. ಇಲ್ಲೇ ಎಲ್ಲೋ ಇದೆ."

"ಕೊಡಿ ಇಲ್ಲಿ. ನನಗೆ ಉಗುರಿದೆ."

ಅವನು ಕೊಡಲಿಲ್ಲ. ಹಿಡಿದುಕೊಂಡೇ ಅವಳ ಕಡೆ ಚಾಚಿದ. ಅವಳು ಒಂದು ಕೈ ಪೆಟ್ಟಿಗೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯ ಹೆಬ್ಬೆರಳಿನ ಉಗುರಿನಿಂದ ಟೇಪನ್ನು ಸವರುತ್ತ ಹೋದಳು. ಸುರುಳಿ ನಿಧಾನಕ್ಕೆ ತಿರುಗುತ್ತಿತ್ತು. ತಿರುಗಿಸುತ್ತಿದ್ದವನು ಅವನು.

ಉಗುರು ಒಂದು ಕಡೆ ತಡೆಯಿತು.

"ಸಿಕ್ತು," ಅಂದಳು. ಎಳೆಯಲಿಲ್ಲ.

ಕೆಳಗಿನ ಮನೆಯಲ್ಲಿ ಕುಕ್ಕರ್ ಕೂಗಿತು.

"ಕಲಬುರಗಿಯಲ್ಲಿ ಈಗ ಬಿಸಿಲು ಜಾಸ್ತಿ," ಅಂದ ಅವನು.

"ಹೂಂ."

"ನೀವು..."

ವಿನುತಾ ತಲೆ ಎತ್ತಿದಳು. ಅವನ ಕನ್ನಡಕದ ಮೇಲೆ ಹಳೆ ಪೇಪರಿನ ಧೂಳು ಕೂತಿತ್ತು. ಅವನು ಸ್ವಲ್ಪ ಬಾಗಿದ. ಅಲ್ಲೇ ನಿಂತ. ಅವನ ಉಸಿರಿನಲ್ಲಿ ಏಲಕ್ಕಿ ಇತ್ತು. ಪಾತ್ರೆ ಕಟ್ಟುವ ಮೊದಲು ಅವಳೇ ಮಾಡಿಕೊಟ್ಟ ಟೀ.

ಅವಳು ಪೆಟ್ಟಿಗೆಯ ಮೇಲಿನ ಕೈ ತೆಗೆದಳು. ಮುಚ್ಚಳ ಟಪ್ ಅಂತ ಎದ್ದುಕೊಂಡಿತು.

ಉಳಿದಷ್ಟು ದೂರ ಅವಳೇ ಬಂದಳು.

ಕನ್ನಡಕದ ಅಂಚು ಅವಳ ಕೆನ್ನೆಗೆ ತಣ್ಣಗೆ ತಗುಲಿತು. ಆಮೇಲೆ ಅದೂ ತಿಳಿಯಲಿಲ್ಲ.

ಕುಕ್ಕರ್ ಮತ್ತೊಮ್ಮೆ ಕೂಗಿತು.

ಅವನು ಕನ್ನಡಕ ಸರಿಮಾಡಿಕೊಂಡ. ಟೇಪಿನ ತುದಿ ಇನ್ನೂ ಅವಳ ಹೆಬ್ಬೆರಳಿಗೆ ಅಂಟಿಕೊಂಡಿತ್ತು.

"ಲಾರಿ ಎಷ್ಟೊತ್ತಿಗೆ?"

"ಆರಕ್ಕೆ," ಅಂದಳು. "ನೀನು ಊಟ ಮಾಡಿಲ್ಲ ಅಲ್ವಾ?"

ಮುತ್ತು ಅನ್ನುವ ಪದ ಇದರಲ್ಲಿ ಎಲ್ಲೂ ಇಲ್ಲ. ತುಟಿಯೂ ಇಲ್ಲ. ಆದರೂ ಏನಾಯಿತು ಅಂತ ಓದುಗರಿಗೆ ಅನುಮಾನ ಉಳಿಯುವುದಿಲ್ಲ. ಇದನ್ನು ಕಟ್ಟುವ ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೆ ಅಂತ ಈಗ ನೋಡೋಣ.

ಮೊದಲು ಕೈಗೆ ಕೆಲಸ ಕೊಡಿ

ಬರೆಯಲು ಕೂರುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಆ ಹೊತ್ತಿನಲ್ಲಿ ಇವರಿಬ್ಬರ ಕೈಗಳು ಏನು ಮಾಡುತ್ತಿವೆ? ಕೈ ಖಾಲಿ ಇದ್ದರೆ ಲೇಖಕರು ಅವನ್ನು ಗಲ್ಲಕ್ಕೋ ಸೊಂಟಕ್ಕೋ ಕಳಿಸುತ್ತಾರೆ. ಬೇರೆ ದಾರಿಯೇ ಇರುವುದಿಲ್ಲ. ಕೈಯಲ್ಲಿ ಕೆಲಸ ಇದ್ದರೆ ಅದು ನಿಲ್ಲುವುದು, ನಿಧಾನವಾಗುವುದು, ಕೆಡುವುದು, ಎಲ್ಲವೂ ನಿಮ್ಮ ಬಳಕೆಗೆ ಸಿಗುತ್ತವೆ.

ಯಾವ ಕೆಲಸ ಕೊಟ್ಟರೂ ನಡೆಯುತ್ತದೆ ಅಂತಲ್ಲ. ಅದು ಇಬ್ಬರನ್ನೂ ಸಹಜವಾಗಿ ಹತ್ತಿರ ತರಬೇಕು. ಸಣ್ಣದಾಗಿರಬೇಕು, ಕಣ್ಣಿಟ್ಟು ಮಾಡುವಂಥದ್ದಾಗಿರಬೇಕು. ಟೇಪಿನ ತುದಿ ಹುಡುಕುವ ಕೆಲಸದಲ್ಲಿ ಈ ಎಲ್ಲವೂ ಇವೆ. ಸೂಜಿಗೆ ದಾರ ಪೋಣಿಸುವುದು, ಬೆರಳಿಗೆ ಚುಚ್ಚಿದ ಮುಳ್ಳು ತೆಗೆಯುವುದು ಕೂಡ ಇಂಥವೇ. ಮುಳ್ಳು ಮಾತ್ರ ಕಥೆಗಳಲ್ಲಿ ಸವೆದುಹೋಗಿದೆ. ಮಳೆಯಲ್ಲಿ ಒಂದೇ ಕೊಡೆ, ಕರೆಂಟ್ ಹೋದ ಕೋಣೆ, ಎಡವಿ ಬೀಳುವ ಹುಡುಗಿಯನ್ನು ಹಿಡಿಯುವುದು, ಇವೂ ಹಾಗೇ. ಇವುಗಳಿಗೆ ಇನ್ನೂ ಒಂದು ತೊಂದರೆ ಇದೆ. ಇಲ್ಲೆಲ್ಲ ಇಬ್ಬರನ್ನು ಹತ್ತಿರ ತರುವುದು ಹೊರಗಿನ ಘಟನೆ. ಟೇಪಿನ ವಿಷಯದಲ್ಲಿ ಹಾಗಲ್ಲ. ಸುರುಳಿಯನ್ನು ಕೊಡದೆ ಹಿಡಿದುಕೊಂಡದ್ದು ಅವನ ಆಯ್ಕೆ. ತುದಿ ಸಿಕ್ಕರೂ ಎಳೆಯದಿದ್ದದ್ದು ಅವಳ ಆಯ್ಕೆ. ಮಾತಿಲ್ಲದೆ ಇಬ್ಬರೂ ಉತ್ತರ ಕೊಟ್ಟಾಗಿದೆ.

ಈ ಮುತ್ತು ಇವತ್ತೇ ಯಾಕೆ ಅನ್ನುವುದಕ್ಕೂ ಕಾರಣ ಬೇಕು. ನಮ್ಮ ದೃಶ್ಯದಲ್ಲಿ ಅದು ಲಾರಿ. ಅದನ್ನು ಹೆಚ್ಚು ಎಳೆಯಬೇಕಿಲ್ಲ, ಹಿಂದಿನ ಪುಟದಲ್ಲಿ ಒಂದು ಸಲ ಹೇಳಿದ್ದರೆ ಸಾಕು. ಇಬ್ಬರೂ ವಯಸ್ಕರು ಅನ್ನುವುದೂ ಮೊದಲೇ ಗೊತ್ತಿರಬೇಕು. ನೌಕರಿ, ವರ್ಗಾವಣೆ, ಸ್ವಂತ ಬಾಡಿಗೆ ಮನೆ ಇಂಥವು ಅದನ್ನು ತಾವಾಗೇ ತಿಳಿಸುತ್ತವೆ.

ನಿಲುಗಡೆಗಳನ್ನು ಮುತ್ತಿಗೆ ಮೊದಲು ಇಡಿ

ಮೊದಲ ಮುತ್ತಿನ ದೃಶ್ಯದಲ್ಲಿ ಓದುಗರ ಎದೆ ಹೊಡೆದುಕೊಳ್ಳುವುದು ಮುತ್ತಿನ ಹೊತ್ತಿಗಲ್ಲ. ಅದಕ್ಕಿಂತ ಸ್ವಲ್ಪ ಮೊದಲು. ಆಗುತ್ತದೋ ಇಲ್ಲವೋ ಅನ್ನುವ ಅನುಮಾನ ಇರುವವರೆಗೆ ಮಾತ್ರ ಅದು. ಆದ್ದರಿಂದ ಜಾಗ ಹಂಚುವಾಗ ಹೆಚ್ಚಿನ ಪಾಲು ಅದರ ಮೊದಲಿನ ಹೊತ್ತಿಗೆ ಹೋಗಬೇಕು. ಮೇಲಿನ ದೃಶ್ಯದಲ್ಲಿ ಮುತ್ತಿಗೆ ಸಿಕ್ಕಿರುವುದು ಮೂರೇ ಸಣ್ಣ ವಾಕ್ಯ. ಉಳಿದದ್ದೆಲ್ಲ ಅದರ ಆಚೆ ಈಚೆ.

"ಒಂದು ಕ್ಷಣ ಮೌನ ಆವರಿಸಿತು" ಅಂತ ಬರೆದರೆ ನಿಲುಗಡೆ ಆಗುವುದಿಲ್ಲ. ಅದು ನಿಲುಗಡೆಯ ಬಗ್ಗೆ ಕೊಟ್ಟ ಸುದ್ದಿ ಅಷ್ಟೇ. ಓದುಗರು ಆ ವಾಕ್ಯವನ್ನು ಓದುವ ವೇಗದಲ್ಲೇ ದಾಟಿ ಹೋಗುತ್ತಾರೆ. ನಿಲ್ಲುವುದು ಅವರ ಓದಿನಲ್ಲೇ ನಡೆಯಬೇಕು. ಅದಕ್ಕೆ ಕನ್ನಡದಲ್ಲಿ ಕೈಗೆ ಸಿಗುವ ಒಳ್ಳೆಯ ಸಾಧನ "ಲಿಲ್ಲ" ಅಂತ ಮುಗಿಯುವ ಕ್ರಿಯಾಪದ. "ಸಿಕ್ತು" ಅಂದ ಮೇಲೆ ಎಳೆಯುತ್ತಾಳೆ ಅಂತ ಓದುಗರು ಅಂದುಕೊಂಡಿರುತ್ತಾರೆ. "ಎಳೆಯಲಿಲ್ಲ" ಅಂದಾಗ ಅವರು ಅಲ್ಲೇ ತಡೆದು ನಿಲ್ಲುತ್ತಾರೆ. ಯಾಕೆ ಎಳೆಯಲಿಲ್ಲ ಅನ್ನುವ ಉತ್ತರವನ್ನು ತಾವೇ ತುಂಬಿಕೊಳ್ಳುತ್ತಾರೆ. ಅಲ್ಲಿ "ಏಕೆಂದರೆ ಅವಳಿಗೆ ಈ ಹೊತ್ತು ಮುಗಿಯುವುದು ಬೇಡವಾಗಿತ್ತು" ಅಂತ ಸೇರಿಸಿ ನೋಡಿ. ನಿಲುಗಡೆ ಸತ್ತೇ ಹೋಗುತ್ತದೆ. ಒಂದು ದೃಶ್ಯಕ್ಕೆ ಇಂಥ ಎರಡು ಮೂರು ಸಾಕು. ಜಾಸ್ತಿಯಾದರೆ ಪಾತ್ರಗಳು ಏನನ್ನೂ ಮಾಡದ ಸೋಮಾರಿಗಳ ಹಾಗೆ ಕಾಣುತ್ತವೆ.

ಇನ್ನೊಂದು ನಿಲುಗಡೆ ಬೇರೆ ಮಾತು ಆಡಿಸುವುದರಿಂದ ಬರುತ್ತದೆ. ಕಲಬುರಗಿಯ ಬಿಸಿಲಿನ ಸುದ್ದಿ ಆ ಹೊತ್ತಿಗೆ ಯಾರಿಗೂ ಬೇಕಾಗಿಲ್ಲ. ಹೇಳಬೇಕಾದದ್ದು ಬಾಯಿಗೆ ಬರದಾಗ ಮನುಷ್ಯರು ಹವಾಮಾನ, ಊಟ, ಬಸ್ಸಿನ ಸಮಯ ಇವನ್ನೇ ಮಾತಾಡುವುದು. ಅಂಥ ಸಂಭಾಷಣೆ ಚಿಕ್ಕದಿದ್ದಷ್ಟೂ ಕೆಳಗಿನ ಒತ್ತಡ ಹೆಚ್ಚು ಕೇಳಿಸುತ್ತದೆ. ಮೂರು ಚುಕ್ಕಿಗಳನ್ನು ಮಾತ್ರ ಬಹಳ ಲೆಕ್ಕ ಹಾಕಿ ಬಳಸಿ. ಇಡೀ ದೃಶ್ಯದಲ್ಲಿ ಒಂದು ಕಡೆ, ಮಾತು ನಿಜವಾಗಿಯೂ ಕಡಿದುಹೋದ ಕಡೆ. ಪ್ರತಿ ವಾಕ್ಯದ ಕೊನೆಗೂ ಚುಕ್ಕಿ ಇಟ್ಟರೆ ಪಾತ್ರಗಳಿಗೆ ಉಬ್ಬಸ ಬಂದ ಹಾಗಿರುತ್ತದೆ.

ಕುಕ್ಕರ್ ಯಾಕೆ ಅಂತ ಕೇಳಬಹುದು. ಅದು ಗಡಿಯಾರ. ಮೊದಲ ಕೂಗು ಮುತ್ತಿಗೆ ಮೊದಲು, ಎರಡನೇ ಕೂಗು ನಂತರ. ಎರಡು ಕೂಗಿನ ನಡುವೆ ಎಷ್ಟು ಹೊತ್ತು ಅನ್ನುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. "ಕಾಲವೇ ನಿಂತಂತಾಯಿತು" ಅನ್ನುವ ಬದಲು ಹೊರಗಿನ ಪ್ರಪಂಚದ ಕಾಲ ನಡೆಯುತ್ತಲೇ ಇರಲಿ. ಅದನ್ನು ಇವರಿಬ್ಬರು ಗಮನಿಸಲಿಲ್ಲ ಅಂತ ಓದುಗರಿಗೆ ತಾನಾಗೇ ಗೊತ್ತಾಗುತ್ತದೆ. ಜೊತೆಗೆ ಕೆಳಗಿನ ಮನೆಯಲ್ಲಿ ಜನ ಇದ್ದಾರೆ ಅನ್ನುವ ಅಳುಕೂ ಬಿಟ್ಟಿಯಾಗಿ ಸೇರಿಕೊಳ್ಳುತ್ತದೆ.

ನಿಲುಗಡೆಯನ್ನು ಅದರ ಕೊನೆಯವರೆಗೂ ಒಯ್ದರೆ ಮುತ್ತೇ ಆಗದೆ ಉಳಿಯಬಹುದು. ಕಾಳಿದಾಸ ಶಾಕುಂತಲದ ಮೂರನೇ ಅಂಕದಲ್ಲಿ ಮಾಡಿದ್ದು ಅದನ್ನೇ. ದುಷ್ಯಂತ ಇನ್ನೇನು ಹತ್ತಿರ ಬಂದಿದ್ದಾನೆ, ಅಷ್ಟರಲ್ಲಿ ತೆರೆಯ ಹಿಂದಿನಿಂದ ದನಿ ಬರುತ್ತದೆ: ಚಕ್ರವಾಕದ ಹೆಣ್ಣೇ, ಸಂಗಾತಿಯನ್ನು ಬೀಳ್ಕೊಡು, ರಾತ್ರಿ ಬಂತು ಅಂತ. ಅದು ಆಶ್ರಮದ ಹಿರಿಯಾಕೆ ಗೌತಮಿ ಬರುತ್ತಿರುವ ಸೂಚನೆ. ಅವರೆಲ್ಲ ಹೋದ ಮೇಲೆ ರಾಜ ಒಬ್ಬನೇ ನಿಂತು, ಮುಖವನ್ನು ಹೇಗೋ ಮೇಲೆತ್ತಿದೆ, ಮುತ್ತಿಡಲಿಲ್ಲವಲ್ಲ ಅಂತ ಹಳಹಳಿಸುತ್ತಾನೆ. ಇದನ್ನು ನೋಡಿ ನೀವೂ ದೃಶ್ಯ ಮುರಿಯುವುದಾದರೆ ಒಂದು ಎಚ್ಚರ ಬೇಕು. ಮುರಿಯುವುದು ಕಥೆಯೊಳಗಿಂದಲೇ ಬಂದ ಕಾರಣವಾಗಿರಬೇಕು. ಗೌತಮಿ ಶಕುಂತಲೆಯ ಆರೋಗ್ಯ ವಿಚಾರಿಸಲು ಬರುವವಳು, ಅವಳು ಬರುತ್ತಾಳೆ ಅನ್ನುವುದು ಮೊದಲೇ ಹೊಂದಿಕೊಂಡಿದೆ. ಎಲ್ಲಿಂದಲೋ ಮೊಬೈಲ್ ರಿಂಗ್ ಆದರೆ ಓದುಗರಿಗೆ ಸಿಟ್ಟು ಬರುತ್ತದೆ. ಎರಡನೇ ಸಲವೂ ಹಾಗೇ ಮಾಡಿದರೆ ಅವರು ಪುಸ್ತಕ ಮುಚ್ಚುತ್ತಾರೆ.

ನಡುವಿನ ದೂರ ಯಾರದು?

"ಅಲ್ಲೇ ನಿಂತ", "ಉಳಿದಷ್ಟು ದೂರ ಅವಳೇ ಬಂದಳು." ದೃಶ್ಯದ ಬೆನ್ನೆಲುಬು ಈ ಎರಡು ವಾಕ್ಯ. ಒಬ್ಬರು ಅರ್ಧ ದಾರಿ ಬಂದು ನಿಲ್ಲಬೇಕು, ಇನ್ನೊಬ್ಬರು ಉಳಿದದ್ದನ್ನು ದಾಟಬೇಕು. ಯಾರು ಯಾವುದನ್ನು ಮಾಡುತ್ತಾರೆ ಅನ್ನುವುದು ಪಾತ್ರದ ಸ್ವಭಾವಕ್ಕೆ ಬಿಟ್ಟದ್ದು.

ಇದರಿಂದ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಇಬ್ಬರಿಗೂ ಒಪ್ಪಿಗೆ ಇದೆ ಅನ್ನುವುದು ಸಂಶಯವಿಲ್ಲದೆ ಗೊತ್ತಾಗುತ್ತದೆ. ಆ ನಿಲುಗಡೆಯಲ್ಲೇ ದೃಶ್ಯದ ಅತಿ ದೊಡ್ಡ ಕುತೂಹಲವೂ ಇದೆ. "ಬೇಡ ಬೇಡ ಅಂತಲೇ ಅವಳು ಕರಗಿದಳು" ಅನ್ನುವ ಹಳೆಯ ವರಸೆ ಇವತ್ತು ಓದುಗರ ಮೈಗೆ ಮುಳ್ಳಾಗುತ್ತದೆ, ಆಗಬೇಕಾದದ್ದೇ. "ಮುತ್ತು ಕೊಡಲಾ?" ಅಂತ ಬಾಯಿಬಿಟ್ಟು ಕೇಳಿಸಲೂಬಹುದು. ಆದರೆ ಹಾಗೆ ಕೇಳುವ ಜಾಯಮಾನದ ಪಾತ್ರ ಅದಾಗಿರಬೇಕು. ಎರಡು ವರ್ಷ "ನೀವು" ಅನ್ನುತ್ತಲೇ ಇದ್ದ ಮಂಜುನಾಥನ ಬಾಯಲ್ಲಿ ಅದು ಬರುವುದಿಲ್ಲ. ಅವನು ನಿಂತು ಕಾಯುತ್ತಾನೆ. ಅದೇ ಅವನು ಕೇಳುವ ರೀತಿ.

ಅವಳ ಉತ್ತರ ಎಲ್ಲಿದೆ ನೋಡಿ. ಅವಳು ಪೆಟ್ಟಿಗೆಯಿಂದ ಕೈ ತೆಗೆಯುತ್ತಾಳೆ. ಅಷ್ಟೊತ್ತು ಒತ್ತಿ ಹಿಡಿದಿದ್ದ ಮುಚ್ಚಳ ಎದ್ದುಕೊಳ್ಳುತ್ತದೆ. ಮೊದಲ ಸಾಲಿನಲ್ಲೇ ಮುಚ್ಚಳ ಒತ್ತಿ ಹಿಡಿಸಿದ್ದು ಇದಕ್ಕಾಗಿ. ಮನಸ್ಸಿನ ತೀರ್ಮಾನವನ್ನು ವಸ್ತುವಿನ ಮೇಲೆ ತೋರಿಸಬೇಕಾದರೆ ಆ ವಸ್ತು ದೃಶ್ಯದಲ್ಲಿ ಮೊದಲಿನಿಂದ ಇರಬೇಕು. ಬೇಕಾದಾಗ ತಂದಿಟ್ಟರೆ ಓದುಗರಿಗೆ ಗೊತ್ತಾಗಿಬಿಡುತ್ತದೆ.

ಹತ್ತಿರ ಬಂದಷ್ಟೂ ಕಣ್ಣು ಕೆಲಸ ನಿಲ್ಲಿಸುತ್ತದೆ

ಒಂದು ಬೆರಳನ್ನು ಕಣ್ಣಿನ ಹತ್ತಿರ ತರುತ್ತ ಹೋಗಿ. ಸುಮಾರು ಹತ್ತು ಹದಿನೈದು ಸೆಂಟಿಮೀಟರಿಗಿಂತ ಹತ್ತಿರ ಬಂದ ಮೇಲೆ ಅದು ಮಸುಕಾಗುತ್ತದೆ. ಇಪ್ಪತ್ತು ಮೂವತ್ತರ ವಯಸ್ಸಿನ ಕಣ್ಣಿನ ಮಿತಿ ಅದು, ವಯಸ್ಸಾದಂತೆ ಈ ದೂರ ಇನ್ನೂ ಹೆಚ್ಚುತ್ತದೆ. ಮುತ್ತಿಡುವಷ್ಟು ಹತ್ತಿರ ಬಂದ ಮುಖ ಯಾರಿಗೂ ಸ್ಪಷ್ಟವಾಗಿ ಕಾಣುವುದಿಲ್ಲ. ಆದರೆ ನಮ್ಮ ಕಥೆಗಳಲ್ಲಿ ಆ ಹೊತ್ತಿಗೇ ರೆಪ್ಪೆಗೂದಲು, ಕಣ್ಣಿನ ಬಣ್ಣ, ತುಟಿಯ ಅಂಚಿನ ಮಚ್ಚೆ ಎಲ್ಲದರ ವರ್ಣನೆ ಶುರುವಾಗುತ್ತದೆ. ಓದುಗರಿಗೆ ಕಾರಣ ಹೊಳೆಯದಿದ್ದರೂ ಇದು ಹೊರಗೆ ನಿಂತು ನೋಡುವವರ ಕಣ್ಣು ಅನ್ನಿಸುತ್ತದೆ. ದೃಶ್ಯ ಕದ್ದು ನೋಡಿದ ಹಾಗಾಗುವುದು ಇಲ್ಲೇ.

ಆದ್ದರಿಂದ ಇಂದ್ರಿಯಗಳಿಗೆ ಒಂದು ಸರದಿ ಇರಲಿ. ನೋಡುವುದು ಏನಿದ್ದರೂ ಬಾಗುವ ಮೊದಲು. ಕನ್ನಡಕದ ಮೇಲಿನ ಧೂಳನ್ನು ವಿನುತಾ ನೋಡುವುದು ಆಗಲೇ. ಅವನು ಬಾಗಿದ ಮೇಲೆ ನೋಟ ಇಲ್ಲ, ಏಲಕ್ಕಿಯ ವಾಸನೆ ಇದೆ. ಆಮೇಲೆ ಮುಚ್ಚಳದ ಸದ್ದು. ಕೊನೆಗೆ ಸ್ಪರ್ಶ, ಅದೂ ಕನ್ನಡಕದ ಅಂಚಿನದು. ಒಂದು ವಾಸನೆ, ಒಂದು ಸದ್ದು, ಒಂದು ಸ್ಪರ್ಶ. ಐದೂ ಇಂದ್ರಿಯಗಳನ್ನು ತುಂಬಿಸಿದರೆ ಅದು ಪಟ್ಟಿಯಾಗುತ್ತದೆ.

ಸ್ಪರ್ಶವನ್ನು ಪಕ್ಕದ ಜಾಗದಲ್ಲಿ ಇಟ್ಟಿರುವುದನ್ನು ಗಮನಿಸಿ. ತುಟಿಗೆ ತುಟಿ ತಗುಲಿದ್ದನ್ನು ಬಿಟ್ಟು ಕೆನ್ನೆಗೆ ಕನ್ನಡಕ ತಗುಲಿದ್ದನ್ನು ಹೇಳಿದರೆ ಮುಖಗಳು ಎಷ್ಟು ಹತ್ತಿರ ಇವೆ ಅಂತ ಓದುಗರೇ ಲೆಕ್ಕ ಹಾಕುತ್ತಾರೆ. ಹೇಳಿದ್ದು ಒಂದು, ತಿಳಿದದ್ದು ಇನ್ನೊಂದು. ನಮ್ಮ ಕಾವ್ಯಮೀಮಾಂಸೆಯವರು ಧ್ವನಿ ಅಂತ ಕರೆದದ್ದು ಇಂಥದ್ದನ್ನೇ, 9ನೇ ಶತಮಾನದಲ್ಲೇ ಆನಂದವರ್ಧನ ಅದರ ಮೇಲೆ ಒಂದು ಗ್ರಂಥವನ್ನೇ ಬರೆದ. ಕೈಬಳೆ, ಕಿವಿಯೋಲೆ, ಅಂಗಿಯ ಗುಂಡಿ, ಕುರುಚಲು ಗಡ್ಡ, ತಣ್ಣಗಿನ ಗೋಡೆ, ಏನು ಬೇಕಾದರೂ ಆಗಬಹುದು. ಅದು ಆ ಪಾತ್ರದ್ದೇ ಆಗಿರಬೇಕು ಅಷ್ಟೇ.

ಅಂದಹಾಗೆ, ತಲೆ ಯಾವ ಕಡೆ ವಾಲಿತು, ಮೂಗು ಎಲ್ಲಿ ಹೋಯಿತು ಅನ್ನುವುದನ್ನು ಬರೆಯಲು ಹೋಗಬೇಡಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರೊಬ್ಬರು ಸಾರ್ವಜನಿಕ ಜಾಗಗಳಲ್ಲಿ ಮುತ್ತಿಡುವ 124 ಜೋಡಿಗಳನ್ನು ಗಮನಿಸಿದರು. ಮೂರರಲ್ಲಿ ಸುಮಾರು ಎರಡು ಪಾಲು ಜನ ತಲೆಯನ್ನು ಬಲಕ್ಕೆ ವಾಲಿಸಿದ್ದರು. ಮೈಗೆ ಅದೆಲ್ಲ ತಾನಾಗೇ ಗೊತ್ತಿದೆ. ನೀವು ದಾರಿ ತೋರಿಸಬೇಕಿಲ್ಲ.

ವಾಕ್ಯ ಎಲ್ಲಿ ಮುರಿಯಬೇಕು

ಮೊದಲು ಕೊಟ್ಟ ಕೆಟ್ಟ ಉದಾಹರಣೆಗೆ ಮತ್ತೆ ಹೋಗಿ. "ಸರಿದು, ಹಿಡಿದೆತ್ತಿ, ಕಣ್ಣಿಟ್ಟು, ಇರಿಸಿದನು." ಕನ್ನಡದಲ್ಲಿ ಹೀಗೆ "ದು", "ಇ", "ಟ್ಟು" ಅಂತ ಕ್ರಿಯೆಗಳನ್ನು ಪೋಣಿಸುತ್ತ ಎಷ್ಟು ದೂರ ಬೇಕಾದರೂ ಹೋಗಬಹುದು. ಎದ್ದು, ಹಲ್ಲುಜ್ಜಿ, ಸ್ನಾನ ಮಾಡಿ, ತಿಂಡಿ ತಿಂದು ಹೊರಟ ಅನ್ನುವುದಕ್ಕೆ ಅದು ಚೆನ್ನ. ಅಲ್ಲಿ ಯಾವ ಕ್ರಿಯೆಯೂ ಮುಖ್ಯವಲ್ಲ, ಕೊನೆಯದಕ್ಕೆ ಹೋಗುವ ಅವಸರ. ಮುತ್ತಿನ ದೃಶ್ಯಕ್ಕೆ ಆ ಓಟವೇ ಶತ್ರು. "ಬಾಗಿ ನಿಂತ" ಅಂತ ಬರೆದಿದ್ದರೆ ಅದು ಒಂದು ಭಂಗಿ ಆಗುತ್ತಿತ್ತು. "ಬಾಗಿದ. ಅಲ್ಲೇ ನಿಂತ." ಅಂದಾಗ ಎರಡು ನಿರ್ಧಾರಗಳಾದವು.

ಕರಡು ಕೈಗೆ ಬಂದ ಮೇಲೆ ಇಂಥ ಪೋಣಿಕೆಗಳಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿ. ದೃಶ್ಯದ ಆರಂಭದಲ್ಲಿ ಇದ್ದರೆ ಇರಲಿ. ಮುತ್ತಿನ ಹತ್ತಿರದವನ್ನೆಲ್ಲ ಪೂರ್ಣ ವಾಕ್ಯಗಳಾಗಿ ಮುರಿಯಿರಿ. ಜೊತೆಗೆ "ಅವನ", "ಅವಳ" ಎಷ್ಟು ಸಲ ಬಂದಿವೆ ಎಣಿಸಿ. ಕನ್ನಡದಲ್ಲಿ ಕ್ರಿಯಾಪದದ ಕೊನೆಯಲ್ಲೇ ಯಾರು ಅನ್ನುವುದು ಇರುತ್ತದೆ. "ತಲೆ ಎತ್ತಿದಳು" ಅಂದರೆ ಸಾಕು. ಅವಳು ತನ್ನ ತಲೆಯನ್ನಲ್ಲದೆ ಇನ್ನಾರ ತಲೆ ಎತ್ತುತ್ತಾಳೆ?

ಪದಗಳ ವಿಷಯ ಚಿಕ್ಕದು. ಅಧರ, ಚುಂಬನ, ಆಲಿಂಗನ ಇವೆಲ್ಲ ಬಹಳ ಸಲ ಸಂಕೋಚದಿಂದ ಬರುತ್ತವೆ. ಮನೆಯವರು ಓದಿದರೆ ಏನಂದುಕೊಂಡಾರು ಅಂತ ಬರೆಯುವವರು ದೊಡ್ಡ ಪದದ ಹಿಂದೆ ನಿಲ್ಲುತ್ತಾರೆ. ಕಥೆ ಆಡುಮಾತಿನಲ್ಲಿದ್ದರೆ ತುಟಿ, ಮುತ್ತು ಅಂತಲೇ ಬರೆಯಿರಿ, ಇಲ್ಲವೇ ಬರೆಯಲೇ ಬೇಡಿ. ಪಾತ್ರಗಳು ಮಾತಿನಲ್ಲಿ "ಕಿಸ್" ಅನ್ನುವವರಾದರೆ ಸಂಭಾಷಣೆಯಲ್ಲಿ ಅದೂ ಸರಿ.

ಆಮೇಲಿನ ಮೊದಲ ಮಾತು

ಮುತ್ತು ಮುಗಿದ ಮೇಲೆ ಬರೆಯುವವರಿಗೆ ವಿವರಿಸುವ ಚಪಲ ಹುಟ್ಟುತ್ತದೆ. ಅವಳಿಗೆ ಏನನಿಸಿತು, ಎಷ್ಟು ದಿನದಿಂದ ಕಾದಿದ್ದಳು, ಎಲ್ಲವೂ ಹೊರಬರಲು ಕಾದಿರುತ್ತದೆ. ಅದನ್ನು ತಡೆಹಿಡಿದು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವರಿಬ್ಬರ ನಡುವೆ ಈಗ ಏನು ಬದಲಾಯಿತು? ಆ ಬದಲಾವಣೆ ಕಣ್ಣಿಗೋ ಕಿವಿಗೋ ಸಿಗುವಂಥ ಒಂದು ಗುರುತು ಹುಡುಕಿ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಒಂದು ಸವಲತ್ತಿದೆ. ಬಹುವಚನದಿಂದ ಏಕವಚನಕ್ಕೆ ಇಳಿಯುವುದು. ಮುತ್ತಿಗೆ ಮೊದಲು "ಕೊಡಿ ಇಲ್ಲಿ", ಆಮೇಲೆ "ನೀನು ಊಟ ಮಾಡಿಲ್ಲ ಅಲ್ವಾ?" ಪ್ರೀತಿ ಅನ್ನುವ ಮಾತೇ ಬೇಕಿಲ್ಲ. ಇದು ಕೆಲಸ ಮಾಡಬೇಕಾದರೆ ಹಿಂದಿನ ಪುಟಗಳಲ್ಲಿ "ನೀವು" ಕಿವಿಗೆ ಬೀಳುವಷ್ಟು ಬಂದಿರಬೇಕು. ದೃಶ್ಯದೊಳಗೂ ಒಂದು ಸಲ ನೆನಪಿಸಿರಬೇಕು. ಅರ್ಧಕ್ಕೆ ನಿಂತ "ನೀವು..." ಆ ಕೆಲಸ ಮಾಡುತ್ತದೆ. ನಂತರ "ಮೊದಲ ಬಾರಿಗೆ ಅವಳು ಅವನನ್ನು ಏಕವಚನದಲ್ಲಿ ಕರೆದಳು" ಅಂತ ಟಿಪ್ಪಣಿ ಹಾಕಬೇಡಿ. ಓದುಗರು ಅದನ್ನು ತಾವೇ ಕಂಡುಕೊಂಡಾಗ ಸಿಗುವ ಖುಷಿಯೇ ಬೇರೆ.

ನಿಮ್ಮ ಪಾತ್ರಗಳು ಕಾಲೇಜಿನ ದಿನಗಳಿಂದಲೂ "ಏನೋ", "ಏನೇ" ಅನ್ನುವವರಾದರೆ ಈ ದಾರಿ ನಡೆಯದು. ಆಗ ತಿರುಗಿಸಿ ನೋಡಿ. ದಿನವೂ ಬೈದಾಡಿಕೊಳ್ಳುವವರು ಆಮೇಲೆ ಬೈಯಲು ಆಗದೆ ತಡವರಿಸಬಹುದು. ಮಂಡ್ಯ ಕಡೆಯವರ ಮಾತು ಒಂದು ಬಗೆ, ಧಾರವಾಡದ ಕಡೆಯವರದು ಇನ್ನೊಂದು. ಸಲಿಗೆಯ ಗುರುತು ಊರಿಂದ ಊರಿಗೆ ಬದಲಾಗುತ್ತದೆ, ನಿಮಗೆ ಗೊತ್ತಿರುವ ಊರಿನದನ್ನೇ ಹಿಡಿಯಿರಿ.

ಕಡಿಮೆಯಾಯಿತೋ ಜಾಸ್ತಿಯಾಯಿತೋ

ತಡೆಹಿಡಿಯುವುದು ಅಂದರೆ ಮುಚ್ಚಿಡುವುದಲ್ಲ. ಹಳೆ ಸಿನಿಮಾಗಳಲ್ಲಿ ಮುಖಗಳು ಹತ್ತಿರ ಬರುತ್ತಿದ್ದ ಹಾಗೆ ಕ್ಯಾಮೆರಾ ಎರಡು ಹೂವುಗಳ ಕಡೆ ತಿರುಗುತ್ತಿತ್ತಲ್ಲ, ಅದು ಮುಚ್ಚಿಡುವುದು. ನೋಡುವವರಿಗೆ ನಗು ಬರುತ್ತಿತ್ತು. ಕಥೆಯಲ್ಲಿ ಅದೇ ತಪ್ಪು ಸಂಧ್ಯೆಯ ಬಣ್ಣ, ಚಂದ್ರ ಮೋಡದಲ್ಲಿ ಮರೆಯಾದದ್ದು ಅಂತ ಬರುತ್ತದೆ. ಓದುಗರ ಗಮನ ಆ ಇಬ್ಬರ ಹತ್ತಿರದಲ್ಲೇ ಉಳಿಯಬೇಕು. ಟೇಪು, ಮುಚ್ಚಳ, ಕನ್ನಡಕ ಎಲ್ಲವೂ ಅವರ ಕೈಗೆ ಎಟಕುವಷ್ಟರಲ್ಲಿವೆ. ಕುಕ್ಕರ್ ಒಂದೇ ಹೊರಗಿನದು, ಅದೂ ಅವರ ಕಿವಿಗೆ ಬಿದ್ದದ್ದು.

ಪರೀಕ್ಷೆಗೆ ದೃಶ್ಯವನ್ನು ಕಥೆ ಗೊತ್ತಿಲ್ಲದ ಒಬ್ಬರಿಗೆ ಕೊಡಿ. ಹೇಗಿದೆ ಅಂತ ಕೇಳಬೇಡಿ, ಏನಾಯಿತು ಅಂತ ಕೇಳಿ. "ಮುತ್ತಿಟ್ಟರು" ಅಂತ ತಡವರಿಸದೆ ಹೇಳಿದರೆ ಸಾಕು. "ಏನೋ ಆಗುವುದರಲ್ಲಿತ್ತು, ಆಯಿತೋ ಇಲ್ಲವೋ" ಅಂದರೆ ನೀವು ತುಂಬ ಬಿಟ್ಟಿದ್ದೀರಿ, ಒಂದು ಸ್ಪರ್ಶ ಸೇರಿಸಿ. ಗಟ್ಟಿಯಾಗಿ ಓದುವಾಗ ಅವರು ಯಾವುದಾದರೂ ಸಾಲನ್ನು ಬೇಗ ಬೇಗ ದಾಟಿಸಿದರೆ ಅಥವಾ ನಕ್ಕರೆ, ಜಾಸ್ತಿಯಾದದ್ದು ಆ ಸಾಲು. ಹೆಚ್ಚಾಗಿ ಅಲ್ಲಿ ಒಂದು ವಿಶೇಷಣ ಕೂತಿರುತ್ತದೆ, ಕಂಪಿಸುವ, ಮಧುರ, ಬಿಸಿಯುಸಿರ ಅಂತ. ಅದನ್ನು ಕಿತ್ತರೆ ಸಾಲು ತಾನೇ ಸರಿಹೋಗುತ್ತದೆ.

ಪದ ಹೇಳಲೇಬೇಕಾದ ಸಂದರ್ಭಗಳೂ ಇವೆ. ಬಾಗಿಲ ಬಳಿ ಯಾರೋ ನೋಡಿಬಿಟ್ಟರು, ಮುಂದೆ ಅದರಿಂದಲೇ ಜಗಳ ಶುರುವಾಗುತ್ತದೆ ಅಂತಾದರೆ "ಮುತ್ತಿಟ್ಟ" ಅಂತ ನೇರವಾಗಿ ಬರೆಯುವುದೇ ಒಳ್ಳೆಯದು. ಅಲ್ಲಿ ಸೂಚನೆ ಆಟವಾಡಿದ ಹಾಗಾಗುತ್ತದೆ. ತಮಾಷೆಯ ಕಥೆಯಲ್ಲೂ ಅಷ್ಟೇ.

ಇನ್ನು ಈ ವಿಧಾನ ಮೊದಲ ಮುತ್ತಿಗೆ ಮಾತ್ರ. ಎರಡನೆಯದಕ್ಕೂ ಇಷ್ಟೇ ನಿಲುಗಡೆ, ಇಷ್ಟೇ ವಾಸನೆ, ಇಷ್ಟೇ ಕುಕ್ಕರ್ ತಂದರೆ ಓದುಗರು ಆಕಳಿಸುತ್ತಾರೆ. ಕಥೆ ಮುಂದೆ ಹೋಗಿ, ಕಲಬುರಗಿಯ ಮನೆಗೆ ಮಂಜುನಾಥ ರಜೆಗೆ ಬಂದು ಹೊರಡುವ ದಿನ ಬಂತು ಅಂದುಕೊಳ್ಳಿ. ಅಲ್ಲಿ ನಾವು ಬೇಡ ಅಂದಿದ್ದ ಪೋಣಿಕೆಯೇ ಸರಿಯಾದ ಸಾಧನ: "ಬ್ಯಾಗ್ ಎತ್ತಿಕೊಂಡು, ಅವಳಿಗೊಂದು ಮುತ್ತು ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟ."